ಹಳೇ ದರದ ಸ್ಟ್ಯಾಂಡರ್ಡ್, ಹೊಸ ದರದ ಬಿಲ್: ಒಂದು ಕಾಫಿಪುಡಿ ಘಟಕದ ಜನವರಿ ಲೆಕ್ಕ

ತೀರ್ಥಹಳ್ಳಿಯಿಂದ ಕೊಪ್ಪದ ಕಡೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಕಾಫಿಪುಡಿ ಘಟಕ ಇದೆ. ಅದರ ಕಾಸ್ಟಿಂಗ್ ಲೆಕ್ಕ ನಾನು ನೋಡುತ್ತೇನೆ. 2025ರ ಫೆಬ್ರುವರಿ ಮೊದಲ ವಾರ ಜನವರಿ ತಿಂಗಳ ವರದಿ ಹಿಡಿದು ಅಲ್ಲಿಗೆ ಹೋಗಿದ್ದೆ. ಕೊನೆಯ ಸಾಲಿನಲ್ಲಿ ಬೀಜದ ವೆಚ್ಚ 9,65,600 ರೂಪಾಯಿ ಪ್ರತಿಕೂಲ ಎಂದಿತ್ತು, ಅಂದರೆ ಆಗಬೇಕಿದ್ದದ್ದಕ್ಕಿಂತ ಅಷ್ಟು ಹೆಚ್ಚು ಖರ್ಚು. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಖರೀದಿ ನೋಡಿಕೊಳ್ಳುವ ಹುಡುಗ ಬಾಗಿಲ ಹತ್ತಿರ ನಿಂತಿದ್ದ. "ಸರ್, ನಾನು ಪೇಟೆ ದರಕ್ಕಿಂತ ಕಮ್ಮಿಗೇ ತಂದಿದ್ದೀನಿ, ಬೇಕಾದ್ರೆ ಚೀಟಿ ನೋಡಿ" ಎಂದ. ಅವನು ಹೇಳಿದ್ದು ನಿಜವೇ ಆಗಿತ್ತು. ವರದಿಯಲ್ಲಿದ್ದ ಅಂಕಿಯೂ ತಪ್ಪಾಗಿರಲಿಲ್ಲ. ಎರಡೂ ಒಟ್ಟಿಗೆ ನಿಜವಾಗುವುದು ಹೇಗೆ ಎಂಬುದನ್ನೇ ಇಲ್ಲಿ ಬಿಡಿಸಿ ಹೇಳಲು ಹೊರಟಿದ್ದೇನೆ. ಲೆಕ್ಕ ಹಿಡಿತಕ್ಕೆ ಸಿಗಲಿ ಎಂದು ಅಂಕಿಗಳನ್ನು ದುಂಡಾಗಿಸಿದ್ದೇನೆ, ಚಿಕೋರಿಯನ್ನು ಪೂರ್ತಿ ಬಿಟ್ಟಿದ್ದೇನೆ.

ಮೊದಲು ಸ್ಟ್ಯಾಂಡರ್ಡ್, ಅಂದರೆ ಖರ್ಚು ಇಷ್ಟಾಗಬೇಕು ಎಂದು ಮುಂಚೆಯೇ ಗೊತ್ತುಮಾಡಿದ ಅಂಕಿ, ಎಲ್ಲಿಂದ ಬಂತು ನೋಡೋಣ. 2024ರ ಏಪ್ರಿಲ್‌ನಲ್ಲಿ ವರ್ಷದ ಬಜೆಟ್ ಮಾಡುವಾಗ ರೋಬಸ್ಟಾ ಬೀಜಕ್ಕೆ ಕಿಲೋಗೆ 240 ರೂಪಾಯಿ ಎಂದು ಬರೆದಿದ್ದರು. ಅದು ಹಿಂದಿನ ವರ್ಷದ ಬಿಲ್ಲುಗಳ ಸರಾಸರಿ. ಒಂದು ಕಿಲೋ ಪುಡಿಗೆ 1.2 ಕಿಲೋ ಬೀಜ ಬೇಕು ಎಂಬುದು ಪ್ರಮಾಣದ ಸ್ಟ್ಯಾಂಡರ್ಡ್. ಹುರಿದಾಗ ನೀರು ಆರಿ, ಸಿಪ್ಪೆ ಹಾರಿ ತೂಕದಲ್ಲಿ ಸುಮಾರು ಆರನೇ ಒಂದು ಭಾಗ ಕಳೆಯುತ್ತದೆ. ಹುರಿಯುವ ಕೆಲಸ ಗೊತ್ತಿದ್ದವರಿಗೆ ಇದು ಸಹಜ ಅಂಕಿ.

ಜನವರಿಯಲ್ಲಿ 5,000 ಕಿಲೋ ಪುಡಿ ತಯಾರಾಯಿತು. ಸ್ಟ್ಯಾಂಡರ್ಡ್ ಪ್ರಕಾರ ಅದಕ್ಕೆ 6,000 ಕಿಲೋ ಬೀಜ ಸಾಕಿತ್ತು. ಖರ್ಚಾದದ್ದು 6,200 ಕಿಲೋ, ಕೊಂಡ ಸರಾಸರಿ ದರ 388 ರೂಪಾಯಿ, ಒಟ್ಟು 24,05,600 ರೂಪಾಯಿ. ಆಗಬೇಕಿದ್ದ ವೆಚ್ಚ 6,000 ಕಿಲೋಗೆ 240ರಂತೆ 14,40,000. ನಡುವಿನ ಅಂತರವೇ ಯಜಮಾನರ ಕನ್ನಡಕ ತೆಗೆಸಿದ ಆ 9,65,600.

ಮಾಮೂಲಿ ಪದ್ಧತಿ ಇದನ್ನು ಎರಡು ಹೋಳು ಮಾಡುತ್ತದೆ. ದರದ ವ್ಯತ್ಯಾಸ: ಕಿಲೋಗೆ 148 ರೂಪಾಯಿ ಹೆಚ್ಚು ಕೊಟ್ಟಿದ್ದಾರೆ, 6,200 ಕಿಲೋಗೆ 9,17,600 ಪ್ರತಿಕೂಲ. ಬಳಕೆಯ ವ್ಯತ್ಯಾಸ: 200 ಕಿಲೋ ಜಾಸ್ತಿ ಬಳಸಿದ್ದಾರೆ, 240ರಂತೆ 48,000 ಪ್ರತಿಕೂಲ. ಮೊದಲನೆಯದು ಖರೀದಿಯವನ ಹೆಸರಿಗೆ, ಎರಡನೆಯದು ಹುರಿಯುವವರ ಹೆಸರಿಗೆ. ಕೂಡಿದರೆ ಲೆಕ್ಕ ಸರಿಯಾಗಿ ಕೂತುಕೊಳ್ಳುತ್ತದೆ. ಆದರೆ ಆ ಜನವರಿಯಲ್ಲಿ ಇಡೀ ಮಲೆನಾಡು ಸುತ್ತಿದರೂ 240ಕ್ಕೆ ಒಂದು ಕಿಲೋ ರೋಬಸ್ಟಾ ಬೀಜ ಸಿಗುತ್ತಿರಲಿಲ್ಲ. ಸಿಗದ ದರಕ್ಕೆ ತರಲಿಲ್ಲ ಎಂದು ಒಬ್ಬನ ಹೆಸರಿಗೆ ಒಂಬತ್ತು ಲಕ್ಷ ಬರೆದಂತಾಯಿತು.

ಪ್ಲ್ಯಾನಿಂಗ್ ವ್ಯತ್ಯಾಸ, ಆಪರೇಟಿಂಗ್ ವ್ಯತ್ಯಾಸ ಎಂಬ ವಿಂಗಡಣೆ ಬೇಕಾಗುವುದು ಇಂಥ ಕಡೆ. ಅಮೆರಿಕದ ಲೆಕ್ಕಶಾಸ್ತ್ರಜ್ಞ ಜೋಯೆಲ್ ಡೆಮ್ಸ್ಕಿ 1967ರಲ್ಲಿ ಈ ದಾರಿ ತೋರಿಸಿದರು. ವರ್ಷದ ಆರಂಭದಲ್ಲಿ ಕಟ್ಟಿದ ಸ್ಟ್ಯಾಂಡರ್ಡ್ ಒಂದು. ತಿಂಗಳು ಮುಗಿದ ಮೇಲೆ, ಆ ತಿಂಗಳ ಪೇಟೆ ಹೇಗಿತ್ತು ಎಂದು ತಿಳಿದುಕೊಂಡು ಹಿಂತಿರುಗಿ ನೋಡಿ ಕಟ್ಟುವ ಸ್ಟ್ಯಾಂಡರ್ಡ್ ಇನ್ನೊಂದು. ಹಳೆಯದಕ್ಕೂ ಪರಿಷ್ಕರಿಸಿದ್ದಕ್ಕೂ ಇರುವ ಅಂತರ ಪ್ಲ್ಯಾನಿಂಗ್ ವ್ಯತ್ಯಾಸ, ಅಂದರೆ ಅಂದಾಜು ಮಾಡಿದವರ ಲೆಕ್ಕ. ಪರಿಷ್ಕರಿಸಿದ್ದಕ್ಕೂ ನಿಜವಾಗಿ ಆದ ಖರ್ಚಿಗೂ ಇರುವ ಅಂತರ ಆಪರೇಟಿಂಗ್ ವ್ಯತ್ಯಾಸ, ಅಂದರೆ ಕೆಲಸ ನಡೆಸಿದವರ ಲೆಕ್ಕ.

ನಮ್ಮ ಜನವರಿಗೆ ಪರಿಷ್ಕೃತ ದರ ಕಿಲೋಗೆ 400 ರೂಪಾಯಿ. ಅದು ಹೇಗೆ ಬಂತು ಎಂದು ಆಮೇಲೆ ಹೇಳುತ್ತೇನೆ, ಮೊದಲು ಲೆಕ್ಕ:

```
ಪ್ಲ್ಯಾನಿಂಗ್         (400 − 240) × 6,000 = 9,60,000 ಪ್ರತಿಕೂಲ
ಆಪರೇಟಿಂಗ್ ದರ     (400 − 388) × 6,200 =   74,400 ಅನುಕೂಲ
ಆಪರೇಟಿಂಗ್ ಬಳಕೆ  (6,200 − 6,000) × 400 =   80,000 ಪ್ರತಿಕೂಲ
ಒಟ್ಟು                                  = 9,65,600 ಪ್ರತಿಕೂಲ
```

ಒಟ್ಟು ಮೊತ್ತದಲ್ಲಿ ಒಂದು ರೂಪಾಯಿಯೂ ಬದಲಾಗಿಲ್ಲ. ಆದರೆ ಒಂಬತ್ತು ಲಕ್ಷ ನಷ್ಟ ತಂದವನು ಎನಿಸಿಕೊಂಡಿದ್ದ ಹುಡುಗನ ಹೆಸರಿನಲ್ಲಿ ಈಗ 74,400 ರೂಪಾಯಿ ಉಳಿತಾಯ ಇದೆ. ಹುರಿಯುವ ಮನೆಯ 48,000 ಹೋಗಿ 80,000 ಆಗಿದೆ. ಕೆಲಸ ನಡೆಸಿದವರ ಪಾಲು ಎರಡೂ ಸೇರಿ ಬರೀ 5,600. ಉಳಿದ 9,60,000 ಸ್ಟ್ಯಾಂಡರ್ಡ್ ಕಟ್ಟಿದ ಮೇಜಿಗೆ ಸೇರಿದ್ದು.

ಬಳಕೆಯ ಅಂಕಿ ಏಕೆ ಬೆಳೆಯಿತು ಎಂದು ಹುರಿಯುವವರು ಕೇಳಿದರು, ಕೇಳಲೇಬೇಕಾದ ಮಾತು. 200 ಕಿಲೋ ಹೆಚ್ಚು ಹೋದದ್ದು ಮೊದಲೂ ಅಷ್ಟೇ, ಈಗಲೂ ಅಷ್ಟೇ. ಆದರೆ ಆ 200 ಕಿಲೋ ಉಳಿದಿದ್ದರೆ ಘಟಕಕ್ಕೆ ಮಿಗುತ್ತಿದ್ದದ್ದು ಆ ತಿಂಗಳ 400ರ ದರದ ಹಣ, ಹಳೆಯ 240ರದ್ದಲ್ಲ. ಬೀಜ ತುಟ್ಟಿಯಾದಾಗ ಒಂದು ಬೊಗಸೆ ಚೆಲ್ಲಿದರೂ ಹೆಚ್ಚು ನಷ್ಟ. ಹಳೇ ದರದ ವರದಿ ಇದನ್ನು ಮುಚ್ಚಿಡುತ್ತದೆ. ದರ ಏರಿದ ವರ್ಷವೇ ಪೋಲು ಚಿಕ್ಕದಾಗಿ ಕಾಣುತ್ತದೆ. ಹಳೆಯ ಸ್ಟ್ಯಾಂಡರ್ಡ್ ಮಾಡುವ ಅತಿ ದೊಡ್ಡ ಕೆಡುಕು ಇದೇ ಎಂಬುದು ನನ್ನ ಅಭಿಪ್ರಾಯ. ಖರೀದಿಯವನಿಗೆ ಆಗುವ ಅನ್ಯಾಯ ಎಲ್ಲರ ಕಣ್ಣಿಗೂ ಬೀಳುತ್ತದೆ, ಇದು ಬೀಳುವುದಿಲ್ಲ.

ಇದೇ ಕಾರಣಕ್ಕೆ ಪ್ಲ್ಯಾನಿಂಗ್ ವ್ಯತ್ಯಾಸವನ್ನು ಯಾವ ಪ್ರಮಾಣದಿಂದ ಗುಣಿಸುತ್ತೀರಿ ಎಂಬುದೂ ಮುಖ್ಯ. ನಾನು ಗುಣಿಸಿದ್ದು 6,000ದಿಂದ, ಅಂದರೆ ತಯಾರಾದ ಪುಡಿಗೆ ಬೇಕಿದ್ದ ಬೀಜದಿಂದ. ನಿಜವಾಗಿ ಬಳಸಿದ 6,200ರಿಂದ ಗುಣಿಸಿ, ಬಳಕೆಯನ್ನು ಹಳೇ 240ರಲ್ಲೇ ಬಿಡುವ ಪದ್ಧತಿಯೂ ಪಠ್ಯಗಳಲ್ಲಿ ಇದೆ. ಹಾಗೆ ಮಾಡಿದರೆ ಪ್ಲ್ಯಾನಿಂಗ್ 9,92,000 ಆಗುತ್ತದೆ, ಬಳಕೆ ಮತ್ತೆ 48,000ಕ್ಕೆ ಇಳಿಯುತ್ತದೆ. ಒಟ್ಟು ಅದೇ ಇದ್ದರೂ 32,000 ರೂಪಾಯಿ ಹುರಿಯುವ ಮನೆಯಿಂದ ಎದ್ದು ಯಾರೂ ಉತ್ತರ ಕೊಡದ ಜಾಗಕ್ಕೆ ಹೋಗಿ ಕೂತಿತು. ಪರೀಕ್ಷೆ ಬರೆಯುವವರು ತಮ್ಮ ಪಠ್ಯದ ಪದ್ಧತಿ ಹಿಡಿಯಲಿ. ಘಟಕ ನಡೆಸುವವರು 6,000ದ ಪದ್ಧತಿ ಹಿಡಿದರೆ ಒಳ್ಳೆಯದು.

ಈಗ ಆ 400ರ ವಿಷಯ. ಈ ಇಡೀ ಲೆಕ್ಕದಲ್ಲಿ ಜಗಳಕ್ಕೆ ಜಾಗ ಇರುವುದು ಇಲ್ಲೇ. ಜನವರಿಯಲ್ಲಿ ಘಟಕ ಮೂರು ಸಲ ಬೀಜ ಕೊಂಡಿತ್ತು. 4ನೇ ತಾರೀಖು 2,000 ಕಿಲೋ, 15ಕ್ಕೆ 2,200 ಕಿಲೋ, 27ಕ್ಕೆ 2,000 ಕಿಲೋ. ಆ ಮೂರು ದಿನ ಇದೇ ದರ್ಜೆಯ ಬೀಜಕ್ಕೆ ಪೇಟೆ ದರ 390, 400, 410 ಇತ್ತು. ಹುಡುಗ ಕೊಟ್ಟದ್ದು 382, 388, 394. ಪೇಟೆ ದರವನ್ನು ಆಯಾ ದಿನ ಕೊಂಡ ತೂಕಕ್ಕೆ ತಕ್ಕಂತೆ ಸರಾಸರಿ ಮಾಡಿದಾಗ ಬಂದದ್ದು 400.

ಇದರ ಬದಲು ತಿಂಗಳ ಕೊನೆಯ ದಿನದ 415ನ್ನು ಪರಿಷ್ಕೃತ ದರ ಎಂದು ಹಿಡಿದಿದ್ದರೆ? ಕಿಲೋಗೆ 27ರಂತೆ ಹುಡುಗನ ಹೆಸರಿಗೆ 1,67,400 ರೂಪಾಯಿ ಅನುಕೂಲ ಬರುತ್ತಿತ್ತು, ಅವನು ಬೋನಸ್ ಕೇಳಬಹುದಿತ್ತು. ತಿಂಗಳ ಮೊದಲ ದಿನದ 385 ಹಿಡಿದಿದ್ದರೆ 18,600 ಪ್ರತಿಕೂಲ. ಅದೇ ಮನುಷ್ಯ, ಅದೇ ಮೂರು ಬಿಲ್ಲು. ಯಾವ ದಿನದ ದರ ಎಂಬುದಷ್ಟೇ ಬೇರೆ. ಆದ್ದರಿಂದ ಎರಡು ಕಟ್ಟುಪಾಡು ಬೇಕೇಬೇಕು. ಯಾವ ದರ, ಎಲ್ಲಿಂದ, ಹೇಗೆ ಸರಾಸರಿ ಎಂಬುದನ್ನು ವರ್ಷದ ಮೊದಲೇ ಬರೆದಿಟ್ಟಿರಬೇಕು. ದರ ಬರೆದುಕೊಳ್ಳುವವರು ಖರೀದಿ ಮಾಡುವವರಾಗಿರಬಾರದು. ಕಾಫಿ ಮಂಡಳಿ ದಿನದಿನದ ಮಾರುಕಟ್ಟೆ ದರ ಪ್ರಕಟಿಸುತ್ತದೆ, ಅದೊಂದು ಆಧಾರ. ಅದರ ಜೊತೆಗೆ ನಾವು ಊರಿನ ಇಬ್ಬರು ವ್ಯಾಪಾರಿಗಳ ದರವನ್ನು ಕೊಂಡ ದಿನವೇ ಫೋನಿನಲ್ಲಿ ಕೇಳಿ ಚೀಟಿಯಲ್ಲಿ ಬರೆಯುತ್ತೇವೆ. ತಿಂಗಳು ಕಳೆದ ಮೇಲೆ ನೆನಪು ಮಾಡಿಕೊಂಡು ಬರೆದ ದರಕ್ಕೆ ಬೆಲೆ ಇಲ್ಲ.

ಇಷ್ಟಾದ ಮೇಲೆ ಯಜಮಾನರು ಉಸಿರು ಬಿಟ್ಟು, "ಹಾಗಾದ್ರೆ ಒಂಬತ್ತೂವರೆ ಲಕ್ಷ ಪೇಟೆ ಕೊಟ್ಟ ಪೆಟ್ಟು, ನಮ್ಮದೇನೂ ತಪ್ಪಿಲ್ಲ ಅಂತಾಯ್ತಲ್ಲ ಮಾರಾಯ್ರೆ" ಎಂದರು. ಪ್ಲ್ಯಾನಿಂಗ್ ವ್ಯತ್ಯಾಸ ಎಂದ ಕೂಡಲೇ ಎಲ್ಲರೂ ಆಡುವ ಮಾತು ಇದು. ನಾನು ಒಪ್ಪಲಿಲ್ಲ. ಬಜೆಟ್ ಬರೆದ ದಿನ, ಅಂದರೆ 2024ರ ಏಪ್ರಿಲ್‌ನಲ್ಲಿ, ಬೀಜದ ದರ ಎಷ್ಟಿತ್ತು ಎಂದು ಕೇಳಿದೆ. ಹಳೇ ಬಿಲ್ಲು ತೆಗೆದರು. ಆ ವಾರದ ಖರೀದಿಯೇ 330 ರೂಪಾಯಿಗೆ ಆಗಿತ್ತು.

ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟು ರೋಬಸ್ಟಾ ಫಸಲು ಕುಸಿಯುತ್ತಿದೆ ಎಂಬ ಸುದ್ದಿಗೆ ಲಂಡನ್ ಪೇಟೆಯಲ್ಲಿ ಅದೇ ಏಪ್ರಿಲ್‌ನಲ್ಲಿ ದರ ಟನ್ನಿಗೆ 4,000 ಡಾಲರ್ ದಾಟಿತ್ತು. ಮಲೆನಾಡಿನ ಬೆಳೆಗಾರರೆಲ್ಲ ಫೋನಿನಲ್ಲಿ ನೋಡುತ್ತಿದ್ದ ಅಂಕಿ ಅದು. ಅಂಥ ದಿನ ಕೂತು ಹಿಂದಿನ ವರ್ಷದ ಬಿಲ್ಲು ನೋಡಿ 240 ಎಂದು ಬರೆದದ್ದು ಪೇಟೆಯ ಪೆಟ್ಟು ಅಲ್ಲ. ಅದು ನಮ್ಮ ಮೇಜಿನ ತಪ್ಪು, ಆ ಹಾಳೆಗೆ ಕಣ್ಣು ಹಾಯಿಸಿ ಒಪ್ಪಿದ ನನ್ನ ಪಾಲೂ ಅದರಲ್ಲಿದೆ. ಅಲ್ಲಿಂದ ಮುಂದೆ, ಸೆಪ್ಟೆಂಬರ್‌ನಲ್ಲಿ ಲಂಡನ್ ದರ 5,000 ಡಾಲರ್ ದಾಟುತ್ತದೆ, ಜನವರಿಗೆ ನಮ್ಮಲ್ಲಿ 400 ಮುಟ್ಟುತ್ತದೆ ಎಂದು ಏಪ್ರಿಲ್‌ನಲ್ಲಿ ಯಾರೂ ಹೇಳಲಾಗುತ್ತಿರಲಿಲ್ಲ.

ಹಾಗಾಗಿ ಪ್ಲ್ಯಾನಿಂಗ್ ವ್ಯತ್ಯಾಸವನ್ನೂ ಎರಡು ಮಾಡಬೇಕಾಯಿತು. 240ರಿಂದ 330ರವರೆಗಿನ 90 ರೂಪಾಯಿ, 6,000 ಕಿಲೋಗೆ 5,40,000, ಇದು ತಪ್ಪಿಸಬಹುದಾಗಿದ್ದದ್ದು. 330ರಿಂದ 400ರವರೆಗಿನ 70 ರೂಪಾಯಿ, 4,20,000, ಇದು ನಿಜವಾಗಿ ಪೇಟೆಯದ್ದು. ತಪ್ಪಿಸಬಹುದಾಗಿದ್ದು ಎಂದರೆ ಬೀಜ ಅಗ್ಗಕ್ಕೆ ಸಿಗುತ್ತಿತ್ತು ಎಂದಲ್ಲ. ಬೀಜಕ್ಕೆ ಆ ಹಣ ಹೇಗಿದ್ದರೂ ಕೊಡಬೇಕಿತ್ತು. ಆದರೆ ಮೊದಲೇ ಗೊತ್ತಿದ್ದರೆ ಪುಡಿಯ ದರ ಬೇರೆ ಇಡುತ್ತಿದ್ದೆವು. ಒಂದು ಕಿಲೋ ಪುಡಿಗೆ 1.2 ಕಿಲೋ ಬೀಜ. 240ರಲ್ಲಿ ಬೀಜದ ವೆಚ್ಚ 288 ರೂಪಾಯಿ, 330ರಲ್ಲಿ 396, 400ರಲ್ಲಿ 480. ಘಟಕ 288ರ ಮೇಲೆ ಲಾಭ ಸೇರಿಸಿ ಅಂಗಡಿಗಳಿಗೆ ವರ್ಷದ ದರ ಒಪ್ಪಿಕೊಂಡಿತ್ತು. ಹಳೇ ದರದ ಸ್ಟ್ಯಾಂಡರ್ಡ್‌ನ ನಿಜವಾದ ಪೆಟ್ಟು ಬಿದ್ದದ್ದು ಅಲ್ಲಿ.

ಇನ್ನು ಉಳಿದದ್ದು 5,600 ರೂಪಾಯಿಯ ಆ ಚಿಕ್ಕ ಮೂಲೆ. 9,65,600ರ ಮುಂದೆ ಅದನ್ನು ಯಾರೂ ನೋಡುವುದೇ ಇಲ್ಲ. ಆದರೆ 74,400 ಅನುಕೂಲ, 80,000 ಪ್ರತಿಕೂಲ ಎರಡೂ ಒಂದೇ ತೂಕದವು, ಒಂದಕ್ಕೊಂದು ಎದುರುಬದುರು. ಹೀಗೆ ಜೋಡಿಯಾಗಿ ಬಂದಾಗ ನನಗೆ ಅನುಮಾನ ಹುಟ್ಟುತ್ತದೆ. ಅಗ್ಗಕ್ಕೆ ತಂದದ್ದಕ್ಕೂ ಜಾಸ್ತಿ ಖರ್ಚಾದದ್ದಕ್ಕೂ ನಂಟಿರಬೇಕು.

ಗೋದಾಮಿಗೆ ಹೋದೆವು. 27ನೇ ತಾರೀಖಿನ ಲೋಡಿನಿಂದ ತೆಗೆದಿಟ್ಟಿದ್ದ ಮಾದರಿಯ ಚೀಲ ಇನ್ನೂ ಹಾಗೇ ಇತ್ತು. ಹುರಿಯುವವರು ಅದರೊಳಗೆ ಕೈ ಇಳಿಸಿ ಒಂದು ಹಿಡಿ ತೆಗೆದರು. ಒಂದು ಬೀಜ ಹಲ್ಲಿಗೆ ಇಟ್ಟು ಕಚ್ಚಿದರು. ಒಣಗಿದ ಬೀಜ ಕಟ್ ಎನ್ನಬೇಕು, ಇದರಲ್ಲಿ ಹಲ್ಲು ಇಳಿಯಿತು, ಗುರುತು ಉಳಿಯಿತು. "ಕಣದಲ್ಲಿ ಇನ್ನೂ ಮೂರು ಬಿಸಿಲು ಬೇಕಿತ್ತು ಇದಕ್ಕೆ" ಎಂದರು. ತೇವಾಂಶದ ಮೀಟರ್ ತರಿಸಿ ನೋಡಿದೆವು, ಶೇ 14 ತೋರಿಸಿತು. ಹಿಂದಿನ ಎರಡು ಲೋಡಿನಿಂದ ತೆಗೆದಿಟ್ಟಿದ್ದ ಮಾದರಿಗಳೂ ಅದರ ಆಸುಪಾಸಿನಲ್ಲೇ ಇದ್ದವು. ನಮ್ಮ ಸ್ಟ್ಯಾಂಡರ್ಡ್ ಕಟ್ಟಿದ್ದು ಶೇ 11ರ ಬೀಜಕ್ಕೆ, ಪೇಟೆಯ ಆ 400 ಕೂಡ ಶೇ 11ರ ಬೀಜದ ದರ.

ನೀರನ್ನು ಬಿಟ್ಟು ಒಣ ತೂಕದಲ್ಲಿ ಲೆಕ್ಕ ಹಾಕಿದರೆ ಚಿತ್ರ ಪೂರ್ತಿ ಬದಲಾಗುತ್ತದೆ. ಸ್ಟ್ಯಾಂಡರ್ಡ್‌ನ 6,000 ಕಿಲೋದಲ್ಲಿ ನೀರು ಕಳೆದರೆ ಉಳಿಯುವುದು 5,340 ಕಿಲೋ. ಬಳಸಿದ 6,200 ಕಿಲೋದಲ್ಲಿ ಶೇ 14 ನೀರು ಕಳೆದರೆ 5,332 ಕಿಲೋ. ಹುರಿಯುವ ಮನೆ ಪೋಲು ಮಾಡಿದ್ದಿರಲಿ, ಎಂಟು ಕಿಲೋ ಉಳಿಸಿದೆ. ದರವನ್ನೂ ಹಾಗೇ ನೋಡಿ. ಪೇಟೆಯ 400 ಎಂದರೆ ಒಣ ತೂಕದ ಒಂದು ಕಿಲೋಗೆ ಸುಮಾರು 449 ರೂಪಾಯಿ 44 ಪೈಸೆ. ನಮ್ಮ 388 ಎಂದರೆ ಸುಮಾರು 451 ರೂಪಾಯಿ 16 ಪೈಸೆ. ಹುಡುಗ ಹನ್ನೆರಡು ರೂಪಾಯಿ ಉಳಿಸಿದೆ ಎಂದುಕೊಂಡದ್ದು ಬರೀ ನೀರು. ಆಪರೇಟಿಂಗ್ ದರ ವ್ಯತ್ಯಾಸ ಸುಮಾರು 9,200 ಪ್ರತಿಕೂಲ, ಬಳಕೆಯದ್ದು ಸುಮಾರು 3,600 ಅನುಕೂಲ, ಒಟ್ಟು ಅದೇ 5,600.

ಅವನು ಮೋಸ ಮಾಡಿರಲಿಲ್ಲ. ದರ ಏರುವ ಭಯಕ್ಕೆ, ಕೊಯ್ಲಿನ ಕಾಲದಲ್ಲಿ ಅವಸರಕ್ಕೆ ಮಾರುವ ಬೆಳೆಗಾರರ ಬೀಜವನ್ನು ಮೀಟರ್ ಇಟ್ಟು ನೋಡದೆ ಕೊಂಡಿದ್ದ. ಅವನಿಗೆ ಬಿದ್ದ ಒಂಬತ್ತು ಲಕ್ಷದ ಆರೋಪ ಎಷ್ಟು ಸುಳ್ಳೋ, ಆಮೇಲೆ ಸಿಕ್ಕ 74,400ರ ಹೊಗಳಿಕೆಯೂ ಅಷ್ಟೇ ಸುಳ್ಳು. ಹಾಗಾಗಿ ಪರಿಷ್ಕೃತ ದರಕ್ಕೆ ಇನ್ನೊಂದು ಕಟ್ಟುಪಾಡು ಸೇರಿತು: ದಿನ ಹೊಂದಿದರೆ ಸಾಲದು, ಸರಕಿನ ದರ್ಜೆಯೂ ಹೊಂದಬೇಕು. ಒಂದು ವೇಳೆ ಪೇಟೆಯ ಏರಿಕೆಯನ್ನು ಬೇರೆ ಮಾಡದೆ ಹಳೇ ವರದಿಯನ್ನೇ ಇಟ್ಟುಕೊಂಡಿದ್ದರೆ, 9,17,600ರ ಗದ್ದಲದಲ್ಲಿ ಈ ಹಸಿ ಬೀಜದ ಸುಳಿವೇ ಸಿಗುತ್ತಿರಲಿಲ್ಲ.

ಈ ಪದ್ಧತಿಗೆ ಕಾಣದ ಒಂದು ವಿಷಯ ಇದೆ. ಪರಿಷ್ಕೃತ ದರ ಕೊಂಡ ದಿನದ ಪೇಟೆಯ ಜೊತೆಗೇ ಸಾಗುತ್ತದೆ. ಆದ್ದರಿಂದ ಯಾವ ದಿನ ಕೊಳ್ಳಬೇಕಿತ್ತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಇಲ್ಲ. ಘಟಕಕ್ಕೆ ಗೋದಾಮಿತ್ತು, ಬ್ಯಾಂಕಿನಲ್ಲಿ ಸಾಲದ ಮಿತಿ ಇತ್ತು. ಹಿಂದಿನ ಕೊಯ್ಲಿನಲ್ಲೇ ಜನವರಿಯವರೆಗೆ ಸಾಲುವಷ್ಟು ಬೀಜ ಕೊಂಡು ಇಡಬಹುದಿತ್ತು. ಇಡದೇ ಇದ್ದದ್ದರ ನಷ್ಟ ಆಪರೇಟಿಂಗ್ ಸಾಲಿನಲ್ಲಿ ಬರುವುದಿಲ್ಲ, ಪೇಟೆಯದ್ದು ಎಂದ 4,20,000ದೊಳಗೆ ಕರಗಿ ಹೋಗಿರುತ್ತದೆ. ಅದನ್ನು ತಿಳಿಯಬೇಕಾದರೆ ದಾಸ್ತಾನು ಇಟ್ಟಿದ್ದರೆ ಬಡ್ಡಿ ಎಷ್ಟು, ತೂಕದ ಕಳೆತ ಎಷ್ಟು ಎಂದು ಬೇರೆಯೇ ಲೆಕ್ಕ ಮಾಡಬೇಕು. ವ್ಯತ್ಯಾಸದ ವರದಿಯಿಂದ ಅದನ್ನು ನಿರೀಕ್ಷಿಸಬಾರದು.

ಹಾಗೆಯೇ ಪ್ರತಿ ತಿಂಗಳೂ ಎಲ್ಲದಕ್ಕೂ ಸ್ಟ್ಯಾಂಡರ್ಡ್ ಪರಿಷ್ಕರಿಸುತ್ತಾ ಕೂರುವುದೂ ಬೇಡ. ದರ ಎರಡು ಮೂರು ರೂಪಾಯಿ ಅತ್ತಿತ್ತ ಆದದ್ದಕ್ಕೆ ಪ್ಲ್ಯಾನಿಂಗ್ ಹೆಸರು ಹಚ್ಚಿದರೆ ಎಲ್ಲರ ತಪ್ಪೂ ಅಲ್ಲಿಗೇ ಹರಿಯುತ್ತದೆ. ಹುರಿಯುವ ಯಂತ್ರ ಹಳತಾಗಿದೆ, ಆದ್ದರಿಂದ 1.2ರ ಬದಲು 1.23 ಮಾಡಿ ಎಂದು ಆ ಫೆಬ್ರುವರಿಯಲ್ಲೇ ಒಂದು ಬೇಡಿಕೆ ಬಂದಿತ್ತು. ನಾನು ಒಪ್ಪಲಿಲ್ಲ. ಯಂತ್ರ ಹಳತಾಗುವುದು ಘಟಕದ ಒಳಗಿನ ಸಂಗತಿ, ರಿಪೇರಿ ಮಾಡಿಸುವುದು ನಮ್ಮ ಕೈಲಿದೆ. ಪರಿಷ್ಕರಣೆ ಬೇಕಾದದ್ದು ಹೊರಗಿನ, ನಮ್ಮ ಕೈಲಿಲ್ಲದ, ಚೀಟಿ ತೋರಿಸಿ ರುಜುವಾತು ಮಾಡಬಹುದಾದ ಬದಲಾವಣೆಗೆ ಮಾತ್ರ. ನಾವು ಬೀಜದ ದರ ಸ್ಟ್ಯಾಂಡರ್ಡ್‌ನಿಂದ ಶೇ 10ಕ್ಕಿಂತ ಹೆಚ್ಚು ಸರಿದಾಗ ಮಾತ್ರ ಎಂದು ಗೆರೆ ಎಳೆದುಕೊಂಡೆವು. ಆ ಶೇ 10 ನಮ್ಮ ಘಟಕಕ್ಕೆ ಒಗ್ಗಿದ್ದು, ನಿಮ್ಮದು ಬೇರೆ ಇರಬಹುದು.

ಖರೀದಿ ಚೀಟಿಯಲ್ಲಿ ಈಗ ಎರಡು ಕಾಲಂ ಜಾಸ್ತಿಯಾಗಿದೆ, ಆ ದಿನದ ಪೇಟೆ ದರಕ್ಕೆ ಒಂದು, ತೇವಾಂಶಕ್ಕೆ ಒಂದು. ದರ ಬರೆಯುವುದು ಆಫೀಸಿನ ಹುಡುಗಿ, ತೇವಾಂಶ ಬರೆಯುವುದು ಹುರಿಯುವವರು. ಖರೀದಿಯ ಹುಡುಗ ತಾನೇ ಒಂದು ಮೀಟರ್ ಬೈಕಿನ ಬ್ಯಾಗಿನಲ್ಲಿಟ್ಟುಕೊಂಡು ತೋಟಗಳಿಗೆ ಹೋಗುತ್ತಾನೆ.